ಊದಿದ್ದು ಮಂಡಿ, ನೋಡಿಸಬೇಕಾದದ್ದು ಕಣ್ಣು ಕೂಡ: ಮಕ್ಕಳ ಸಂಧಿವಾತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಸಂಧಿವಾತದ ಎಲ್ಲ ಬಗೆಗಳನ್ನೂ ಇಲ್ಲಿ ಸಮನಾಗಿ ಹೇಳಲು ಹೊರಟಿಲ್ಲ. ಒಂದರಿಂದ ಐದು ವರ್ಷದೊಳಗಿನ ಮಗುವಿಗೆ ಒಂದೆರಡು ಕೀಲು ಊದಿಕೊಳ್ಳುವ ಬಗೆಯನ್ನೇ ಮುಖ್ಯವಾಗಿ ಹಿಡಿದಿದ್ದೇನೆ. ಕಣ್ಣಿಗೆ ಸದ್ದಿಲ್ಲದೆ ಹಾನಿಯಾಗುವುದು ಹೆಚ್ಚಾಗಿ ಈ ಬಗೆಯಲ್ಲೇ. ನಡುನಡುವೆ ‘ಪುಟ್ಟಿ’ ಎಂಬ ಮೂರು ವರ್ಷದ ಹುಡುಗಿ ಬರುತ್ತಾಳೆ. ಅವಳು ಒಬ್ಬಳೇ ಮಗುವಲ್ಲ, ಹಲವು ಮಕ್ಕಳ ಅನುಭವ ಸೇರಿಸಿ ಮಾಡಿಕೊಂಡ ಉದಾಹರಣೆ.

ಮಗು ಬೆಳಿಗ್ಗೆ ಕುಂಟುತ್ತದೆ, ಮಧ್ಯಾಹ್ನದ ಹೊತ್ತಿಗೆ ಓಡಾಡುತ್ತದೆ. ಎಲ್ಲೋ ಬಿದ್ದು ಪೆಟ್ಟಾಗಿರಬಹುದೇ?

ಪೆಟ್ಟಿನ ನೋವು ಆಡಿದಷ್ಟೂ ಹೆಚ್ಚುತ್ತದೆ, ಮಲಗಿ ಎದ್ದರೆ ಕಡಿಮೆಯಾಗುತ್ತದೆ. ಸಂಧಿವಾತದ್ದು ಇದಕ್ಕೆ ತಿರುಗಾಮುರುಗಾ. ರಾತ್ರಿಯೆಲ್ಲ ಅಲುಗಾಡದೆ ಇದ್ದ ಕೀಲು ಬೆಳಿಗ್ಗೆ ಬಿಗಿದುಕೊಂಡಿರುತ್ತದೆ, ಓಡಾಡುತ್ತಾ ಸಡಿಲವಾಗುತ್ತದೆ. ಮಧ್ಯಾಹ್ನ ನಿದ್ದೆ ಮಾಡಿ ಎದ್ದಾಗಲೂ ಅದೇ ಕುಂಟು. ಚಿಕ್ಕ ಮಕ್ಕಳು ‘ನೋವು’ ಎನ್ನುವುದೇ ಇಲ್ಲ. ಎತ್ತಿಕೋ ಎಂದು ಹಟ ಮಾಡುತ್ತವೆ, ಬೆಳಗಿನ ಹೊತ್ತು ಚಕ್ಕಳಮಕ್ಕಳ ಹಾಕಿ ಕೂರುವುದಿಲ್ಲ, ಮೆಟ್ಟಿಲನ್ನು ಒಂದೇ ಕಾಲು ಮುಂದಿಟ್ಟು ಹತ್ತುತ್ತವೆ. ತಾಯಂದಿರು ಇದನ್ನು ‘ಸೋಮಾರಿತನ’ ಅಂದುಕೊಂಡು ಆಮೇಲೆ ಕಣ್ಣೀರು ಹಾಕಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ನೋವು ಹೇಳಿಕೊಳ್ಳದ ಮಗುವಿನಲ್ಲಿ ಅದು ಸಹಜವಾದ ತಪ್ಪು.

ಪುಟ್ಟಿಯ ಬಲಮಂಡಿ ಊದಿದ್ದು ಜನವರಿಯಲ್ಲಿ. ಜಾರುಬಂಡೆಯಿಂದ ಬಿದ್ದಿದ್ದಳೆಂದು ಎಲ್ಲರೂ ನಂಬಿದರು, ಕ್ರೇಪ್ ಬ್ಯಾಂಡೇಜ್ ಸುತ್ತಿದರು. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಈ ಕಾಯಿಲೆಯ ಆರಂಭದಲ್ಲಿ ಎಕ್ಸ್‌ರೇ ಸರಿಯಾಗಿಯೇ ಇರುತ್ತದೆ, ಊದಿಕೊಂಡಿರುವುದು ಎಲುಬಲ್ಲ, ಕೀಲಿನ ಒಳಪದರ. ಏಪ್ರಿಲ್‌ನಲ್ಲಿ ಎಡಪಾದದ ಕೀಲೂ ಊದಿದ ಮೇಲೆಯೇ ‘ಬಿದ್ದ’ ಕಥೆ ಬಿದ್ದುಹೋಯಿತು.

ಒಂದು ಎಚ್ಚರಿಕೆ. ಒಂದೇ ಕೀಲು ದಿಢೀರನೆ ಊದಿ, ಕೆಂಪಾಗಿ, ಜ್ವರ ಬಂದು, ಮಗು ಕಾಲು ಮುಟ್ಟಲೂ ಬಿಡದಿದ್ದರೆ ಅದು ಕೀವು ತುಂಬಿದ ಕೀಲಿರಬಹುದು. ಅಂಥ ಮಗುವನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ರಾತ್ರಿ ಎಬ್ಬಿಸುವ ಎಲುಬು ನೋವು, ಮುಖ ಬಿಳಿಚಿಕೊಳ್ಳುವುದು, ತೂಕ ಇಳಿಯುವುದು ಇದ್ದರೆ ರಕ್ತದ ಕ್ಯಾನ್ಸರ್ ಅಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ರಕ್ತಪರೀಕ್ಷೆಯಲ್ಲಿ ಎಎಸ್‌ಓ ಜಾಸ್ತಿ ಇದೆ, ರುಮ್ಯಾಟಿಕ್ ಜ್ವರ ಇರಬಹುದು, 21 ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಹಾಕಿಸಿ ಎಂದಿದ್ದಾರೆ. ಅದೂ ಸಂಧಿವಾತವೂ ಒಂದೇನಾ?

ಅಲ್ಲ. ಎಎಸ್‌ಓ ಹೆಚ್ಚಿದೆ ಎಂದರೆ ಮಗುವಿನ ಗಂಟಲಿಗೆ ಈಚೆಗೆ ಸ್ಟ್ರೆಪ್ಟೋಕಾಕಸ್ ಸೋಂಕು ತಗುಲಿತ್ತು ಎಂದಷ್ಟೇ ಅರ್ಥ. ಶಾಲೆಗೆ ಹೋಗುವ ಮಕ್ಕಳಲ್ಲಿ ಇದು ಸಾಮಾನ್ಯ. ಆ ಸೋಂಕಿನ ನಂತರ ಕೀಲಿಗೂ ಹೃದಯಕ್ಕೂ ತಗುಲಬಹುದಾದ ರುಮ್ಯಾಟಿಕ್ ಜ್ವರದಲ್ಲಿ ಕೀಲುನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುತ್ತದೆ: ಇವತ್ತು ಮಂಡಿ, ಎರಡು ದಿನ ಬಿಟ್ಟು ಮೊಣಕೈ, ಮೊದಲಿನದು ಪೂರ್ತಿ ವಾಸಿ. ನೋವು ವಿಪರೀತ, ನೋವಿನ ಔಷಧಿ ಕೊಟ್ಟರೆ ಬೇಗ ಇಳಿಯುತ್ತದೆ. ಸಂಧಿವಾತ ಹಾರುವುದಿಲ್ಲ, ಕೂತಲ್ಲೇ ಕೂರುತ್ತದೆ. ಹೊಸ ಕೀಲು ಸೇರಿದರೂ ಹಳೆಯದು ಬಿಡುವುದಿಲ್ಲ. ಆರು ವಾರ ಒಂದೇ ಮಂಡಿ ಊದಿದ್ದರೆ ಅದು ರುಮ್ಯಾಟಿಕ್ ಜ್ವರ ಆಗಿರುವ ಸಾಧ್ಯತೆ ತೀರಾ ಕಡಿಮೆ. ಹಾಗೆಂದು ಪೆನಿಸಿಲಿನ್ ಅನ್ನು ನೀವೇ ನಿಲ್ಲಿಸಬೇಡಿ. ಹೃದಯದ ಎಕೋ ಮಾಡಿಸಿ, ವೈದ್ಯರ ಜೊತೆ ಮಾತಾಡಿ ತೀರ್ಮಾನಿಸಿ.

ವರದಿಯಲ್ಲಿ ಜೆಐಎ ಎಂದಿದೆ, ಹಳೆಯ ಚೀಟಿಯಲ್ಲಿ ಜೆಆರ್‌ಎ ಎಂದಿದೆ. ಯಾವುದು ಸರಿ?

ಕಾಯಿಲೆ ಒಂದೇ, ಹೆಸರು ಬದಲಾಗಿದೆ. ಹಳೆಯದು ಜುವೆನೈಲ್ ರುಮಟಾಯ್ಡ್ ಆರ್ತ್ರೈಟಿಸ್, ಈಗಿನ ಹೆಸರು ಜುವೆನೈಲ್ ಇಡಿಯೋಪ್ಯಾಥಿಕ್ ಆರ್ತ್ರೈಟಿಸ್. 16 ವರ್ಷ ತುಂಬುವುದಕ್ಕೆ ಮೊದಲು ಶುರುವಾಗಿ, ಕನಿಷ್ಠ ಆರು ವಾರ ಇದ್ದು, ಬೇರೆ ಕಾರಣ ಸಿಗದ ಕೀಲೂತ ಎಂದು ಈಗಿನ ಹೆಸರಿನ ಅರ್ಥ. ಮಕ್ಕಳಿಗೆ ಬರುವುದೆಲ್ಲ ದೊಡ್ಡವರ ರುಮಟಾಯ್ಡ್‌ನ ಚಿಕ್ಕ ರೂಪವಲ್ಲ ಎಂಬ ಕಾರಣಕ್ಕೇ ಹಳೆಯ ಹೆಸರನ್ನು ಬಿಟ್ಟರು.

ಎಷ್ಟು ಬಗೆ? ನಮ್ಮ ಮಗುವಿನದು ಯಾವುದೆಂದು ಹೇಗೆ ತಿಳಿಯುತ್ತದೆ?

ಸದ್ಯ ಬಳಕೆಯಲ್ಲಿರುವ ವಿಂಗಡಣೆಯಲ್ಲಿ ಏಳು. ಆದರೆ ಏಳರ ಹೆಸರು ಬಾಯಿಪಾಠ ಮಾಡುವುದಕ್ಕಿಂತ ಯಾವ ಕೀಲು, ಎಷ್ಟು, ಯಾವ ವಯಸ್ಸು ಎಂದು ನೋಡುವುದೇ ಲೇಸು.

ಮೊದಲ ಆರು ತಿಂಗಳಲ್ಲಿ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಕೀಲು ಊದಿದ್ದರೆ ಅದು ಆಲಿಗೋ, ಅಂದರೆ ಕೆಲವೇ ಕೀಲಿನ ಬಗೆ. ಚಿಕ್ಕ ಹುಡುಗಿಯರಲ್ಲಿ ಹೆಚ್ಚು. ಮಂಡಿ ಮೊದಲು, ನಂತರ ಪಾದದ ಕೀಲು. ಸೊಂಟದ ಕೀಲಿನಿಂದ ಇದು ಶುರುವಾಗುವುದು ಅಪರೂಪ. ಆರು ತಿಂಗಳ ನಂತರವೂ ನಾಲ್ಕನ್ನು ದಾಟದಿದ್ದರೆ ಉಳಿದುಕೊಂಡ ಆಲಿಗೋ, ಐದಕ್ಕೆ ಏರಿದರೆ ಹರಡಿದ ಆಲಿಗೋ ಎನ್ನುತ್ತೇವೆ. ಹರಡಿದ್ದು ಹೆಚ್ಚು ಹಟಮಾರಿ. ಆದ್ದರಿಂದ ಮೊದಲ ದಿನ ಇಟ್ಟ ಹೆಸರು ವರ್ಷ ಕಳೆದು ಬದಲಾದರೆ ವೈದ್ಯರು ತಪ್ಪು ಮಾಡಿದರು ಎಂದುಕೊಳ್ಳಬೇಡಿ.

ಮೊದಲ ಆರು ತಿಂಗಳಲ್ಲೇ ಐದು ಅಥವಾ ಹೆಚ್ಚು ಕೀಲು ಊದಿದ್ದರೆ ಪಾಲಿ. ಇದರಲ್ಲಿ ಎರಡು ಬಗೆ: ರಕ್ತದಲ್ಲಿ ಆರ್‌ಎ ಫ್ಯಾಕ್ಟರ್ ಎಂಬ ಅಂಶ ಇಲ್ಲದ್ದು, ಇರುವುದು. ಫ್ಯಾಕ್ಟರ್ ಇರುವುದು ಸಾಮಾನ್ಯವಾಗಿ ಹದಿವಯಸ್ಸಿನ ಹುಡುಗಿಯರಿಗೆ, ಎರಡೂ ಕೈಗಳ ಸಣ್ಣ ಬೆರಳುಕೀಲುಗಳಿಗೆ. ದೊಡ್ಡವರ ರುಮಟಾಯ್ಡ್ ಅನ್ನು ನಿಜವಾಗಿ ಹೋಲುವುದು ಇದೊಂದೇ.

ಆರು ವರ್ಷ ದಾಟಿದ ಹುಡುಗ, ಹಿಮ್ಮಡಿ ನೋವು, ಸೊಂಟದ ಕೀಲು, ಬೆಳಿಗ್ಗೆ ಬೆನ್ನಿನ ಕೆಳಭಾಗದ ಬಿಗಿತ, ರಕ್ತಪರೀಕ್ಷೆಯಲ್ಲಿ ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತು ಇದ್ದರೆ ಎಂಥೆಸೈಟಿಸ್ ಜೊತೆಗಿನ ಬಗೆ. ಸ್ನಾಯುಬಂಧ ಎಲುಬಿಗೆ ಅಂಟುವ ಜಾಗವೇ ಇಲ್ಲಿ ಊದುತ್ತದೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಇದರ ಪಾಲು ದೊಡ್ಡದು. ಇಡೀ ಬೆರಳು ಊದಿ, ಉಗುರಿನಲ್ಲಿ ಚುಕ್ಕಿ ಗುಳಿಗಳಿದ್ದು, ಮನೆಯಲ್ಲಿ ಯಾರಿಗಾದರೂ ಸೋರಿಯಾಸಿಸ್ ಇದ್ದರೆ ಸೋರಿಯಾಟಿಕ್ ಬಗೆ. ಯಾವುದಕ್ಕೂ ಸರಿಹೊಂದದ್ದು, ಇಲ್ಲವೇ ಎರಡಕ್ಕೂ ಹೊಂದುವುದು ಏಳನೆಯ ಬುಟ್ಟಿಗೆ. ಜ್ವರದ ಬಗೆ ಬೇರೆಯೇ ಜಾತಿ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಆರ್‌ಎ ಫ್ಯಾಕ್ಟರ್ ನೆಗೆಟಿವ್, ಉರಿಯೂತ ತೋರಿಸುವ ಇಎಸ್‌ಆರ್ ಕೂಡ ಹೆಚ್ಚಿಲ್ಲ. ಹಾಗಾದರೆ ಸಂಧಿವಾತ ಇಲ್ಲ ಅಲ್ಲವೇ?

ಇರಬಹುದು. ಹೆಚ್ಚಿನ ಮಕ್ಕಳಲ್ಲಿ ಫ್ಯಾಕ್ಟರ್ ನೆಗೆಟಿವ್ ಆಗಿಯೇ ಇರುತ್ತದೆ, ಒಂದು ಮಂಡಿ ಊದಿದ ಮಗುವಿನ ಇಎಸ್‌ಆರ್ ಏರದೆಯೂ ಇರಬಹುದು. ಕಾಯಿಲೆಯನ್ನು ಕಂಡುಹಿಡಿಯುವುದು ಕೈಯಿಂದ, ಕೀಲನ್ನು ಮುಟ್ಟಿ ಮಡಿಸಿ ನೋಡಿ. ರಕ್ತಪರೀಕ್ಷೆ ಬಗೆಯನ್ನು ಗುರುತಿಸಲು ಮತ್ತು ಅಪಾಯವನ್ನು ಅಂದಾಜು ಮಾಡಲು.

ಅಪಾಯದ ವಿಷಯಕ್ಕೆ ಬಂದರೆ ಮುಖ್ಯವಾದದ್ದು ಎಎನ್‌ಎ ಎಂಬ ರಕ್ತಪರೀಕ್ಷೆ. ಇದು ಪಾಸಿಟಿವ್ ಬಂದರೆ ಲೂಪಸ್ ಎಂಬ ಇನ್ನೊಂದು ಕಾಯಿಲೆ ಎಂದು ಇಂಟರ್‌ನೆಟ್ ಹೆದರಿಸುತ್ತದೆ. ಮಂಡಿ ಊದಿದ ಮೂರು ವರ್ಷದ ಮಗುವಿನಲ್ಲಿ ಅದರ ಅರ್ಥ ಬೇರೆ: ಈ ಮಗುವಿನ ಕಣ್ಣಿಗೆ ಅಪಾಯ ಹೆಚ್ಚು. ಪುಟ್ಟಿಯದು ಪಾಸಿಟಿವ್ ಇತ್ತು, ಮೂರು ತಿಂಗಳ ನಂತರ ಮತ್ತೆ ಮಾಡಿದಾಗಲೂ ಹಾಗೇ ಬಂತು.

ಕೀಲಿನ ಕಾಯಿಲೆಗೂ ಕಣ್ಣಿಗೂ ಏನು ಸಂಬಂಧ? ಮಗು ಚೆನ್ನಾಗಿಯೇ ನೋಡುತ್ತಿದೆಯಲ್ಲ?

ಕೀಲಿನ ಒಳಪದರದ ಮೇಲೆ ತಿರುಗಿಬಿದ್ದ ರೋಗನಿರೋಧಕ ಶಕ್ತಿ ಕಣ್ಣಿನ ಒಳಗಿನ ಬಣ್ಣದ ಪೊರೆಯ ಮೇಲೂ ತಿರುಗಿಬೀಳುತ್ತದೆ. ಇದಕ್ಕೆ ಯುವೈಟಿಸ್ ಎಂದು ಹೆಸರು. ಕಣ್ಣು ಕೆಂಪಾಗುವುದಿಲ್ಲ, ನೀರು ಬರುವುದಿಲ್ಲ, ನೋಯುವುದೂ ಇಲ್ಲ. ಮನೆಯವರು ಟಾರ್ಚ್ ಹಿಡಿದು ನೋಡಿದರೂ, ನನ್ನಂಥ ಮಕ್ಕಳ ವೈದ್ಯ ನೋಡಿದರೂ ಅದು ಕಾಣುವುದಿಲ್ಲ. ಒಂದು ಕಣ್ಣು ಮಬ್ಬಾದರೆ ಮಗು ಇನ್ನೊಂದರಿಂದ ನೋಡಿಕೊಂಡು ಆಡುತ್ತಿರುತ್ತದೆ.

ತಡವಾಗಿ ಬಂದ ಮಕ್ಕಳಲ್ಲಿ ಮೊದಲು ಕಾಣುವುದು ಊತವಲ್ಲ, ಅದು ಬಿಟ್ಟುಹೋದ ಗುರುತುಗಳು. ಬಣ್ಣದ ಪೊರೆ ಹಿಂದಿನ ಮಸೂರಕ್ಕೆ ಅಂಟಿಕೊಂಡು ಕಣ್ಣಿನ ಪಾಪೆ ಗುಂಡಾಗಿರದೆ ಸೊಟ್ಟಗಾಗುತ್ತದೆ. ಕರಿಗುಡ್ಡೆಯ ಮೇಲೆ ಅಡ್ಡಕ್ಕೆ ಸುಣ್ಣದಂಥ ಬಿಳಿ ಪಟ್ಟಿ ಬೀಳುತ್ತದೆ. ಚಿಕ್ಕ ವಯಸ್ಸಿನಲ್ಲೇ ಮಸೂರಕ್ಕೆ ಪೊರೆ ಬರುತ್ತದೆ, ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಆಗುತ್ತದೆ. ಫೋಟೋದಲ್ಲಿ ಕಣ್ಣು ಬಿಳಿಯಾಗಿ ಕಂಡಿತು ಎಂದು ಬಂದವರೂ ಇದ್ದಾರೆ. ಆ ಹೊತ್ತಿಗೆ ಮಂಡಿ ಪೂರ್ತಿ ವಾಸಿಯಾಗಿತ್ತು, ‘ಸರಿಹೋಯಿತಲ್ಲ’ ಎಂದು ಕಣ್ಣಿನ ತಪಾಸಣೆ ಬಿಟ್ಟಿದ್ದರು. ಮಂಡಿಯ ಊತಕ್ಕೂ ಕಣ್ಣಿನ ಊತಕ್ಕೂ ತಾಳಮೇಳ ಇಲ್ಲ. ಕೀಲು ಶಾಂತವಾಗಿದ್ದಾಗ ಕಣ್ಣು ಉರಿಯುತ್ತಿರಬಹುದು, ಕೆಲವೊಮ್ಮೆ ಕಣ್ಣಿನ ಕಾಯಿಲೆ ಕೀಲಿಗಿಂತ ಮೊದಲೇ ಶುರುವಾಗಿರುತ್ತದೆ.

ಬಿ27 ಇರುವ ದೊಡ್ಡ ಹುಡುಗರಿಗೆ ಬರುವ ಯುವೈಟಿಸ್ ಬೇರೆ ತರಹದ್ದು. ಕಣ್ಣು ಕೆಂಪಗೆ, ನೋವು, ಬೆಳಕಿಗೆ ಕಣ್ಣು ಬಿಡಲಾಗದು. ಅದು ತಾನೇ ಕೂಗಿ ಹೇಳುತ್ತದೆ. ಆ ಹುಡುಗನನ್ನು ಅದೇ ದಿನ ಅಥವಾ ಮರುದಿನ ನೇತ್ರತಜ್ಞರಿಗೆ ತೋರಿಸಿ.

ಕಣ್ಣನ್ನು ಎಷ್ಟು ದಿನಕ್ಕೊಮ್ಮೆ ತೋರಿಸಬೇಕು?

ಮೊದಲ ತಪಾಸಣೆ ಕಾಯಿಲೆ ಗೊತ್ತಾದ ಕೂಡಲೇ. ಆಮೇಲಿನ ಅಂತರಕ್ಕೆ ನಾಲ್ಕು ಪ್ರಶ್ನೆ: ಬಗೆ ಯಾವುದು, ಎಎನ್‌ಎ ಇದೆಯೇ, ಕಾಯಿಲೆ ಏಳು ವರ್ಷದೊಳಗೆ ಶುರುವಾಯಿತೇ, ಶುರುವಾಗಿ ನಾಲ್ಕು ವರ್ಷ ದಾಟಿದೆಯೇ. ಆಲಿಗೋ, ಫ್ಯಾಕ್ಟರ್ ಇಲ್ಲದ ಪಾಲಿ, ಸೋರಿಯಾಟಿಕ್ ಅಥವಾ ವಿಂಗಡಿಸಲಾಗದ ಬಗೆ ಇದ್ದು, ಎಎನ್‌ಎ ಪಾಸಿಟಿವ್ ಇದ್ದು, ಏಳು ವರ್ಷದೊಳಗೆ ಶುರುವಾಗಿ, ಇನ್ನೂ ನಾಲ್ಕು ವರ್ಷ ಕಳೆಯದಿದ್ದರೆ ಮೂರು ತಿಂಗಳಿಗೊಮ್ಮೆ. ಉಳಿದವರಿಗೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ. ಇದು 2019ರ ಅಮೆರಿಕನ್ ಮಾರ್ಗಸೂಚಿಯ ಸಾರ. ಪುಟ್ಟಿಗೆ ನಾಲ್ಕಕ್ಕೂ ಅಪಾಯದ ಉತ್ತರವೇ ಬಂತು, ಹಾಗಾಗಿ ಮೂರು ತಿಂಗಳು.

ನಮ್ಮ ಮಕ್ಕಳಲ್ಲಿ ಎಎನ್‌ಎ ಪಾಸಿಟಿವ್ ಇರುವ ಬಗೆ ಕಡಿಮೆ ಎಂಬುದು ನಿಜ. ಅದನ್ನೇ ನೆಪ ಮಾಡಿಕೊಂಡು ‘ಇಲ್ಲಿಗೆ ಆ ನಿಯಮ ಬೇಡ’ ಎನ್ನುವುದನ್ನು ನಾನು ಒಪ್ಪುವುದಿಲ್ಲ. ತಪಾಸಣೆಗೆ ಹತ್ತು ನಿಮಿಷ ಸಾಕು.

ಮೂರು ವರ್ಷದ ಮಗು ಆ ಯಂತ್ರದ ಮುಂದೆ ಕೂರುತ್ತದೆಯೇ?

ಸ್ಲಿಟ್ ಲ್ಯಾಂಪ್ ನೇತ್ರತಜ್ಞರ ಬಳಿ ಸಾಮಾನ್ಯವಾಗಿ ಇರುವ ಯಂತ್ರ. ಗಲ್ಲ ಇಟ್ಟು, ಹಣೆ ಒತ್ತಿ ಕೂರಬೇಕು. ತಾಯಿಯ ತೊಡೆಯ ಮೇಲೆ ಮಂಡಿಯೂರಿ ನಿಲ್ಲಿಸಿದರೆ ಎತ್ತರ ಸರಿಹೋಗುತ್ತದೆ. ಮೊದಲ ಸಲ ಅತ್ತರೆ ಬಿಟ್ಟು, ಹೊರಗೆ ಆಡಿಸಿ ಮತ್ತೆ ಕೂರಿಸಿ. ವೈದ್ಯರು ಸಣ್ಣ ಬೆಳಕಿನ ಕಿರಣವನ್ನು ಓರೆಯಾಗಿ ಬಿಟ್ಟು, ಕಣ್ಣಿನ ಮುಂಭಾಗದ ನೀರಿನಲ್ಲಿ ತೇಲುವ ಬಿಳಿ ಕಣಗಳನ್ನು ಎಣಿಸುತ್ತಾರೆ. ಕಿಟಕಿಯ ಬಿಸಿಲಕೋಲಿನಲ್ಲಿ ಧೂಳು ಹೊಳೆಯುವ ಹಾಗೆ ಅವು ಹೊಳೆಯುತ್ತವೆ. ಆರೋಗ್ಯದ ಕಣ್ಣಿನಲ್ಲಿ ಒಂದೂ ಇರಬಾರದು. ಒಂದು ಮಿಲಿಮೀಟರ್ ಚೌಕದ ಬೆಳಕಿನಲ್ಲಿ 6ರಿಂದ 15 ಕಂಡರೆ 1+, 16ರಿಂದ 25 ಕಂಡರೆ 2+. ಚೀಟಿಯಲ್ಲಿ ‘ಕಣ್ಣು ಸರಿ ಇದೆ’ ಎಂದು ಮಾತ್ರ ಬರೆದಿದ್ದರೆ ಸಾಲದು. ಕಣ ಎಷ್ಟು, ಕಣ್ಣಿನ ಒತ್ತಡ ಎಷ್ಟು ಎಂದು ಬರೆಸಿಕೊಳ್ಳಿ. ಕನ್ನಡಕದಂಗಡಿಯ ದೃಷ್ಟಿ ಪರೀಕ್ಷೆ ಇದಕ್ಕೆ ಬದಲಿಯಲ್ಲ.

ಕೀಲಿಗೆ ಔಷಧಿ ಯಾವುದರಿಂದ ಶುರು?

ಕೆಲವೇ ಕೀಲಿನ ಬಗೆಗೆ ಏಣಿಯ ಮೊದಲ ಮೆಟ್ಟಿಲು ಉರಿಯೂತ ಇಳಿಸುವ ನೋವಿನ ಔಷಧಿ: ಐಬುಪ್ರೊಫೆನ್ ಅಥವಾ ನ್ಯಾಪ್ರೊಕ್ಸೆನ್. ಜ್ವರಕ್ಕೆ ಕೊಡುವ ಹಾಗೆ ಬೇಕೆಂದಾಗ ಕೊಟ್ಟರೆ ಪ್ರಯೋಜನವಿಲ್ಲ, ದಿನವೂ ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬಿದ ಮೇಲೆ ಕೊಡಬೇಕು. ಪುಟ್ಟಿಯ ತೂಕ 14 ಕೆಜಿ. ದಿನಕ್ಕೆ ಕೆಜಿಗೆ 30 ಮಿಗ್ರಾಂ ಲೆಕ್ಕದಲ್ಲಿ ಐಬುಪ್ರೊಫೆನ್ 420 ಮಿಗ್ರಾಂ, ಮೂರು ಪಾಲು ಮಾಡಿದರೆ ಸಲಕ್ಕೆ 140. 5 ಎಂಎಲ್‌ಗೆ 100 ಮಿಗ್ರಾಂ ಇರುವ ಸಿರಪ್ ಆದರೆ 7 ಎಂಎಲ್. ಇದು ಲೆಕ್ಕದ ದಾರಿ ತೋರಿಸಲು ಅಷ್ಟೇ, ನಿಮ್ಮ ಮಗುವಿನ ಪ್ರಮಾಣ ನಿಮ್ಮ ವೈದ್ಯರದು.

ಇದೊಂದರಿಂದಲೇ ಊತ ಪೂರ್ತಿ ಇಳಿಯುವುದು ಕೆಲವರಿಗೆ ಮಾತ್ರ. ಎರಡನೇ ಮೆಟ್ಟಿಲು ಕೀಲಿನೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು. ಹೆಸರು ಕೇಳಿಯೇ ತಂದೆತಾಯಿ ಬೆಚ್ಚುತ್ತಾರೆ, ಆದರೆ ಬಾಯಿಂದ ತಿಂಗಳುಗಟ್ಟಲೆ ಕೊಡುವ ಸ್ಟೀರಾಯ್ಡ್‌ಗೂ ಇದಕ್ಕೂ ಅಜಗಜಾಂತರ. ದೀರ್ಘಕಾಲ ಉಳಿಯುವ ಟ್ರಯಾಮ್ಸಿನೊಲೋನ್ ಹೆಕ್ಸಾಸೆಟೊನೈಡ್ ಅನ್ನು ಮಂಡಿಗೆ ಕೆಜಿಗೆ 1 ಮಿಗ್ರಾಂ ಲೆಕ್ಕದಲ್ಲಿ ಹಾಕುತ್ತಾರೆ. ಅದು ಸಿಗದ ಕಡೆ ಅಸೆಟೊನೈಡ್ ಬಳಸುತ್ತಾರೆ, ಅದರ ಪರಿಣಾಮ ಬೇಗ ಮುಗಿಯುತ್ತದೆ. ಚಿಕ್ಕ ಮಕ್ಕಳಿಗೆ ಸ್ವಲ್ಪ ಹೊತ್ತು ನಿದ್ದೆ ಬರಿಸಿ ಮಾಡುತ್ತಾರೆ. ಮದ್ದು ಹೊರಗೆ ಸೋರಿದರೆ ಆ ಜಾಗದ ಚರ್ಮ ತೆಳುವಾಗಿ ಬಿಳಿ ಕಲೆ ಉಳಿಯಬಹುದು. ಒಳ್ಳೆಯ ಪರಿಣಾಮ ಕನಿಷ್ಠ ನಾಲ್ಕು ತಿಂಗಳಾದರೂ ಬಾಳಬೇಕು.

ಪುಟ್ಟಿಗೆ ಎರಡೂ ಕೀಲಿಗೆ ಹಾಕಿದರು. ಮಡಿಚಿಕೊಂಡಿದ್ದ ಮಂಡಿ ವ್ಯಾಯಾಮದ ಜೊತೆಗೆ ಆರು ವಾರದಲ್ಲಿ ನೆಟ್ಟಗಾಯಿತು.

ಒಂದು ಕಾಲು ಉದ್ದ ಕಾಣುತ್ತಿದೆ. ಊದಿದ ಕಾಲು ಗಿಡ್ಡ ಆಗಬೇಕಿತ್ತಲ್ಲವೇ?

ಚಿಕ್ಕ ಮಗುವಿನ ಮಂಡಿ ಊದಿದಾಗ ಅಲ್ಲಿಗೆ ರಕ್ತ ಹೆಚ್ಚು ಹರಿದು ಎಲುಬಿನ ಬೆಳವಣಿಗೆಯ ಜಾಗ ಚುರುಕಾಗುತ್ತದೆ, ಹಾಗಾಗಿ ಆ ಕಾಲೇ ಉದ್ದ ಬೆಳೆಯುತ್ತದೆ. ಉದ್ದವನ್ನು ಸರಿದೂಗಿಸಲು ಮಗು ಮಂಡಿ ಮಡಿಸಿಯೇ ನಿಲ್ಲುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ. ಗಿಡ್ಡ ಕಾಲಿನ ಚಪ್ಪಲಿಗೆ ಅಟ್ಟೆ ಹಾಕಿಸಿ. ಚುಚ್ಚುಮದ್ದನ್ನು ಮುಂದೂಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಮೆಥೊಟ್ರೆಕ್ಸೇಟ್ ಕ್ಯಾನ್ಸರ್ ಔಷಧಿಯಲ್ಲವೇ? ಇಷ್ಟು ಚಿಕ್ಕ ಮಗುವಿಗೆ ಬೇಕೇ?

ಕ್ಯಾನ್ಸರಿಗೆ ಕೊಡುವ ಪ್ರಮಾಣ ಎಷ್ಟೋ ಪಟ್ಟು ದೊಡ್ಡದು. ಇಲ್ಲಿ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 10ರಿಂದ 15 ಮಿಗ್ರಾಂ, ಅದೂ ವಾರಕ್ಕೆ ಒಂದೇ ಸಲ. ಚುಚ್ಚುಮದ್ದಿಗೆ ಮಂಡಿ ಮಣಿಯದಿದ್ದರೆ, ಬೇಗ ಮರುಕಳಿಸಿದರೆ, ಕೀಲುಗಳು ಹೆಚ್ಚಾದರೆ, ಅಥವಾ ಕಣ್ಣಿಗೆ ಬೇಕಾದರೆ ಈ ಮೆಟ್ಟಿಲು.

ಪುಟ್ಟಿಗೆ ಬೇಕಾದದ್ದು ಕಣ್ಣಿಗೆ. ಮೊದಲ ತಪಾಸಣೆ ಸರಿ, ಮೂರನೇ ತಿಂಗಳು ಸರಿ, ಆರನೇ ತಿಂಗಳಿಗೆ ಬಲಗಣ್ಣಿನಲ್ಲಿ 1+ ಕಣ. ಮಂಡಿ ಆಗ ಚೆನ್ನಾಗಿಯೇ ಇತ್ತು. ಶೇಕಡಾ 1ರ ಪ್ರೆಡ್ನಿಸೊಲೋನ್ ಅಸಿಟೇಟ್ ಎಂಬ ಸ್ಟೀರಾಯ್ಡ್ ಹನಿ ಶುರುಮಾಡಿದರು, ಜೊತೆಗೆ ಬಣ್ಣದ ಪೊರೆ ಅಂಟದಂತೆ ಪಾಪೆ ಹಿಗ್ಗಿಸುವ ಹನಿ. ಈ ಪ್ರೆಡ್ನಿಸೊಲೋನ್ ಹನಿಯ ಮದ್ದು ಸೀಸೆಯ ತಳದಲ್ಲಿ ಕೂರುತ್ತದೆ, ಚೆನ್ನಾಗಿ ಅಲುಗಾಡಿಸದೆ ಹಾಕಿದರೆ ಬರೀ ನೀರು ಹಾಕಿದ ಹಾಗೆ. ಹನಿಯನ್ನು ಬಹುಕಾಲ ಹಾಕಿದರೆ ಹನಿಯೇ ಮಸೂರದ ಪೊರೆಯನ್ನೂ ಕಣ್ಣಿನ ಒತ್ತಡವನ್ನೂ ತರುತ್ತದೆ. ಅದಕ್ಕೇ ಮೂರು ತಿಂಗಳಾದರೂ ದಿನಕ್ಕೆ ಒಂದೆರಡು ಹನಿ ಬೇಕಾಗುತ್ತಲೇ ಇದ್ದರೆ ಒಳಗಿನಿಂದ ಕೆಲಸ ಮಾಡುವ ಔಷಧಿ ಸೇರಿಸುತ್ತಾರೆ. ಪುಟ್ಟಿಗೆ ಹಾಗೇ ಆಯಿತು.

ಅವಳ ಎತ್ತರ 95 ಸೆಂಮೀ, ತೂಕ 14 ಕೆಜಿ. ಎರಡನ್ನೂ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸುಮಾರು 0.6 ಚದರ ಮೀಟರ್. 15ರ ಲೆಕ್ಕದಲ್ಲಿ ವಾರಕ್ಕೆ 9 ಮಿಗ್ರಾಂ. ಕಣ್ಣಿಗೆ ಚರ್ಮದಡಿಯ ಚುಚ್ಚುಮದ್ದೇ ಮೇಲು ಎಂದು ಅದನ್ನೇ ಆರಿಸಿದರು. ಪರಿಣಾಮ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಮೂರನೇ ವಾರಕ್ಕೆ ‘ಕೆಲಸ ಮಾಡಲಿಲ್ಲ’ ಎಂದು ಬಿಟ್ಟವರು ಬಹಳ.

ಮೆಥೊಟ್ರೆಕ್ಸೇಟ್‌ನಲ್ಲಿ ಏನು ಎಡವಟ್ಟಾಗಬಹುದು?

ಅತಿ ಅಪಾಯದ ತಪ್ಪು ವಾರದ ಔಷಧಿಯನ್ನು ದಿನವೂ ಕೊಡುವುದು. ಬಾಯಿಹುಣ್ಣು, ಜ್ವರ, ರಕ್ತಕಣ ಕುಸಿತ, ಪ್ರಾಣಾಪಾಯವೂ ಆಗಬಹುದು. ವಾರ ಯಾವುದೆಂದು ಗೊತ್ತುಮಾಡಿ, ‘ಭಾನುವಾರ ಮಾತ್ರ’ ಎಂದು ಡಬ್ಬಿಯ ಮೇಲೆ ಕನ್ನಡದಲ್ಲೇ ಬರೆದಿಡಿ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಕೂಡ ಹಳದಿ ಮಾತ್ರೆ, ಒಂದೇ ಡಬ್ಬಿಯಲ್ಲಿ ಇಡಬೇಡಿ. ಮಾತ್ರೆ 2.5 ಮಿಗ್ರಾಂನಲ್ಲೂ 10ರಲ್ಲೂ ಸಿಗುತ್ತದೆ, ಅಂಗಡಿಯವರು ಬದಲಿಸಿ ಕೊಟ್ಟರೆ ನಾಲ್ಕು ಪಟ್ಟು.

ಇನ್ನೊಂದು ತಪ್ಪು ಸಿರಿಂಜಿನದು. ಒಂದು ಎಂಎಲ್‌ಗೆ 25 ಮಿಗ್ರಾಂ ಇರುವ ಸೀಸೆಯಾದರೆ 9 ಮಿಗ್ರಾಂಗೆ 0.36 ಎಂಎಲ್. ಮನೆಯಲ್ಲಿ ಅಜ್ಜಿಯ 40 ಯೂನಿಟ್‌ನ ಇನ್ಸುಲಿನ್ ಸಿರಿಂಜ್ ಇದೆ ಎಂದು ಅದರಲ್ಲಿ 36ರ ಗೆರೆಗೆ ಎಳೆದರೆ 0.9 ಎಂಎಲ್ ಆಗುತ್ತದೆ, ಎರಡೂವರೆ ಪಟ್ಟು. ಎಂಎಲ್ ಗೆರೆ ಇರುವ 1 ಎಂಎಲ್ ಸಿರಿಂಜನ್ನೇ ಕೊಳ್ಳಿ, ಸೀಸೆಯ ಮೇಲಿನ ಪ್ರಮಾಣವನ್ನು ಪ್ರತಿ ಸಲ ಓದಿ.

ಸಾಮಾನ್ಯ ತೊಂದರೆ ಎಂದರೆ ಹೊಟ್ಟೆ ತೊಳಸುವುದು. ಕೆಲವು ಮಕ್ಕಳಿಗೆ ಹಳದಿ ಬಣ್ಣ ನೋಡಿದರೇ ವಾಂತಿ ಬರುವಷ್ಟು ರೇಜಿಗೆ ಹುಟ್ಟುತ್ತದೆ. ರಾತ್ರಿ ಮಲಗುವ ಮುನ್ನ ಕೊಡುವುದು, ಫೋಲಿಕ್ ಆಸಿಡ್ ತಪ್ಪಿಸದಿರುವುದು ಸಹಾಯ ಮಾಡುತ್ತದೆ. ರಕ್ತಕಣ, ಯಕೃತ್ತು, ಮೂತ್ರಪಿಂಡದ ಪರೀಕ್ಷೆ ಶುರುವಿಗೆ ಮೊದಲು, ಒಂದೆರಡು ತಿಂಗಳಿಗೆ, ನಂತರ ಮೂರು ನಾಲ್ಕು ತಿಂಗಳಿಗೊಮ್ಮೆ. ಜೀವಂತ ಲಸಿಕೆಗಳನ್ನು, ಅಂದರೆ ಎಂಎಂಆರ್, ಅಮ್ಮ ಎನ್ನುವ ಚಿಕನ್‌ಪಾಕ್ಸ್‌ನ ಲಸಿಕೆ ಮುಂತಾದವನ್ನು, ವೈದ್ಯರನ್ನು ಕೇಳದೆ ಹಾಕಿಸಬೇಡಿ. ಮನೆಯಲ್ಲಿ ಯಾರಿಗಾದರೂ ಅಮ್ಮ ಎದ್ದರೆ ಅಂದೇ ಫೋನ್ ಮಾಡಿ.

ಅದಕ್ಕೂ ಬಗ್ಗದಿದ್ದರೆ?

ನಾಲ್ಕನೇ ಮೆಟ್ಟಿಲು ಬಯಾಲಜಿಕ್ ಎಂಬ ಚುಚ್ಚುಮದ್ದುಗಳು. ಕೀಲಿಗಷ್ಟೇ ಆದರೆ ಆಯ್ಕೆ ಹಲವು. ಕಣ್ಣೂ ಊದಿದ್ದರೆ ಆಯ್ಕೆ ಕಿರಿದಾಗುತ್ತದೆ. ಎಟನರ್ಸೆಪ್ಟ್ ಕೀಲನ್ನು ಚೆನ್ನಾಗಿ ಹಿಡಿಯುತ್ತದೆ, ಕಣ್ಣನ್ನು ಹಿಡಿಯುವುದಿಲ್ಲ. ಯುವೈಟಿಸ್ ಇರುವ ಮಗುವಿಗೆ ಅದು ಸೂಕ್ತವಲ್ಲ. ಅಡಾಲಿಮುಮ್ಯಾಬ್‌ಗೆ ಗಟ್ಟಿ ಆಧಾರವಿದೆ. ಬ್ರಿಟನ್ನಿನಲ್ಲಿ 90 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲರಿಗೂ ಮೆಥೊಟ್ರೆಕ್ಸೇಟ್ ಇತ್ತು. ಜೊತೆಗೆ ಅಡಾಲಿಮುಮ್ಯಾಬ್ ಪಡೆದವರಲ್ಲಿ ಚಿಕಿತ್ಸೆ ವಿಫಲವಾದದ್ದು ಶೇಕಡಾ 27, ಪಡೆಯದವರಲ್ಲಿ ಶೇಕಡಾ 60. ಪ್ರಮಾಣ 30 ಕೆಜಿಗಿಂತ ಕಡಿಮೆ ಇದ್ದರೆ 20 ಮಿಗ್ರಾಂ, ಮೇಲ್ಪಟ್ಟರೆ 40, ಎರಡು ವಾರಕ್ಕೊಮ್ಮೆ.

ಇದಕ್ಕೆ ಮೊದಲು ಕ್ಷಯದ ತಪಾಸಣೆ ಆಗಲೇಬೇಕು: ಮ್ಯಾಂಟೂ ಅಥವಾ ರಕ್ತದ ಇಗ್ರಾ ಪರೀಕ್ಷೆ, ಎದೆಯ ಎಕ್ಸ್‌ರೇ, ಮನೆಯಲ್ಲಿ ಕೆಮ್ಮುವವರ ವಿಚಾರಣೆ. ಮಲಗಿರುವ ಕ್ಷಯವನ್ನು ಈ ಮದ್ದು ಎಬ್ಬಿಸಬಲ್ಲದು. ಮೂಲ ಮದ್ದನ್ನೇ ಹೋಲುವ, ನಮ್ಮಲ್ಲೇ ತಯಾರಾಗುವ ಬಯೋಸಿಮಿಲರ್ ರೂಪ ಬಂದ ಮೇಲೆ ಬೆಲೆ ಇಳಿದಿದೆ, ಆದರೂ ಹಗುರವೇನಲ್ಲ.

ಪಥ್ಯ? ಆಲೂಗಡ್ಡೆ, ಬದನೆಕಾಯಿ, ಹುಳಿ ಬಿಡಬೇಕೇ?

ಬೇಡ. ‘ವಾತ’ ಎಂಬ ಹೆಸರಿಗೆ ಮೋಸಹೋಗಿ ಮಗುವಿನ ಊಟ ಕಿತ್ತುಕೊಳ್ಳಬೇಡಿ. ಕೀಲುನೋವಿಗೆಂದು ಮಾರುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಪುಡಿ ಕೊಟ್ಟ ಮೇಲೆ ಮಗುವಿನ ಮುಖ ದುಂಡಗಾಗಿ ಹಸಿವು ಒಮ್ಮೆಲೇ ಹೆಚ್ಚಿದರೆ ಅನುಮಾನಪಡಿ, ಆದರೆ ಥಟ್ಟನೆ ನಿಲ್ಲಿಸದೆ ವೈದ್ಯರಿಗೆ ತೋರಿಸಿ.

ಜ್ವರದ ಬಗೆ ಎಂದಿರಿ, ಅದೇನು?

ದಿನಕ್ಕೊಮ್ಮೆ, ಹೆಚ್ಚಾಗಿ ಸಂಜೆ, ಜ್ವರ ಏರಿ ತಾನೇ ಇಳಿಯುತ್ತದೆ. ಏರಿದಾಗ ಮೈಮೇಲೆ ತಿಳಿಗೆಂಪು ಮಚ್ಚೆ ಮೂಡಿ ಇಳಿದಾಗ ಮಾಯವಾಗುತ್ತದೆ. ಆ ಹೊತ್ತಿಗೆ ಒಂದು ಫೋಟೋ ತೆಗೆದಿಟ್ಟರೆ ಬಹಳ ಉಪಕಾರ. ಕೀಲೂತ ವಾರಗಳ ನಂತರ ಬರಬಹುದು. ಕಣ್ಣಿನ ಅಪಾಯ ಇಲ್ಲಿ ಕಡಿಮೆ, ಪ್ರಾಣದ ಅಪಾಯ ಹೆಚ್ಚು. ಬಂದುಹೋಗುತ್ತಿದ್ದ ಜ್ವರ ಬಿಡದೆ ಕೂತು, ಮಗು ಮಂಕಾಗಿ, ಪ್ಲೇಟ್‌ಲೆಟ್ ಕುಸಿದು, ಹೆಚ್ಚಿದ್ದ ಇಎಸ್‌ಆರ್ ಇದ್ದಕ್ಕಿದ್ದಂತೆ ಇಳಿದು, ಫೆರಿಟಿನ್ ಸಾವಿರಗಟ್ಟಲೆ ಏರಿದರೆ ಅದು ಮ್ಯಾಕ್ರೊಫೇಜ್ ಆಕ್ಟಿವೇಶನ್ ಎಂಬ ತುರ್ತುಸ್ಥಿತಿ. ಇಎಸ್‌ಆರ್ ಇಳಿದದ್ದನ್ನು ಗುಣವಾಯಿತೆಂದು ಓದಬಾರದು.

ಔಷಧಿ ಯಾವಾಗ ನಿಲ್ಲಿಸಬಹುದು?

ಯುವೈಟಿಸ್ ಬಂದ ಮಗುವಿಗೆ ಹನಿ ಇಲ್ಲದೆ, ಒಳಗಿನ ಔಷಧಿಯ ಮೇಲೆ ಕಣ್ಣು ಕನಿಷ್ಠ ಎರಡು ವರ್ಷ ಶಾಂತವಾಗಿರಬೇಕು, ಆಮೇಲೆ ಕಡಿಮೆ ಮಾಡುವ ಮಾತು. ಹನಿ ಕಡಿಮೆ ಮಾಡಿದ ಪ್ರತಿ ಸಲವೂ ಒಂದು ತಿಂಗಳೊಳಗೆ, ಒಳಗಿನ ಔಷಧಿ ಬದಲಿಸಿದಾಗ ಅಥವಾ ಇಳಿಸಿದಾಗ ಎರಡು ತಿಂಗಳೊಳಗೆ ಸ್ಲಿಟ್ ಲ್ಯಾಂಪ್ ಪರೀಕ್ಷೆ ಆಗಬೇಕು. ಪುಟ್ಟಿಗೆ ಈಗ ಆರು ವರ್ಷ. ಹನಿ ನಿಂತು ಹದಿನಾಲ್ಕು ತಿಂಗಳಾಗಿದೆ, ಭಾನುವಾರದ ಚುಚ್ಚುಮದ್ದು ನಡೆದಿದೆ, ಮೂರು ತಿಂಗಳಿಗೊಮ್ಮೆ ಆ ಯಂತ್ರದ ಮುಂದೆ ತಾನೇ ಹೋಗಿ ಗಲ್ಲ ಇಡುತ್ತಾಳೆ.